ಸಂಘದ ಜನರೇಟರಿಗೆ ಎಂಥ ಆಯಿಲ್, ಎಷ್ಟು ಗಂಟೆಗೊಮ್ಮೆ?

(ಸಾಮೂಹಿಕ ಹಾಲು ಶೀತಲೀಕರಣ ಘಟಕವಿರುವ ಸಂಘಗಳ ಸದಸ್ಯರು ಹಾಗೂ ಕಾರ್ಯದರ್ಶಿಗಳ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಎಂಜಿನ್ ಆಯಿಲ್ ಬಗ್ಗೆ ಮಾತಾಡಲು ಬಂದಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ಈ ವಿಷಯಕ್ಕೆ ಬಂದದ್ದು ಒಡೆದ ಹಾಲಿನ ದಾರಿಯಿಂದ.

ಒಂದು ಸಂಘದಲ್ಲಿ ಏಪ್ರಿಲ್ ಮೊದಲ ವಾರದ ಒಂದು ಸಂಜೆ ಸುಮಾರು 1,800 ಲೀಟರ್ ಹಾಲು ಬಿ.ಎಂ.ಸಿ. ತೊಟ್ಟಿ ಸೇರಿತ್ತು. ಕರೆಂಟು ಹೋಯಿತು, ಜನರೇಟರ್ ಹಾಕಿದರು. ಅರ್ಧ ಗಂಟೆ ಓಡಿದ ಎಂಜಿನ್ ಕಿರ್ರೆಂದು ನಿಂತಿತು, ಮತ್ತೆ ತಿರುಗಲಿಲ್ಲ. ಹಾಲು 4 ಡಿಗ್ರಿಗೆ ಇಳಿಯಲೇ ಇಲ್ಲ. ಬೆಳಿಗ್ಗೆ ಕುದಿಸಿ ನೋಡಿದಾಗ ಹಾಲು ಒಡೆಯಿತು, ಟ್ಯಾಂಕರಿನವರು ತುಂಬಿಸಿಕೊಳ್ಳಲಿಲ್ಲ. ಹಾಲಿನ ಗುಣಮಟ್ಟದ ದೂರು ಎಂದು ನನ್ನನ್ನು ಕರೆಸಿದ್ದರು. ಆದರೆ ಹಸುಗಳ ಕೆಚ್ಚಲಿನಲ್ಲಿ ದೋಷವಿರಲಿಲ್ಲ, ಕ್ಯಾನುಗಳೂ ಶುದ್ಧವಾಗಿದ್ದವು. ದೋಷವಿದ್ದದ್ದು ಎಂಜಿನಿನ ಆಯಿಲಿನಲ್ಲಿ.

ಕಾರ್ಯದರ್ಶಿಗಳು, "ದಸರೆಗೆ ಆಯಿಲ್ ಬದಲಾಯಿಸಿದ್ದೇವೆ ಸಾರ್, ಇನ್ನೂ ಆರು ತಿಂಗಳು ತುಂಬಿಲ್ಲ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಎಂಜಿನಿನ ಕೈಪಿಡಿಯಲ್ಲಿ ಬರೆದದ್ದು "250 ಗಂಟೆ ಅಥವಾ 6 ತಿಂಗಳು, ಯಾವುದು ಮೊದಲೋ ಅದು, ಧೂಳಿನ ಜಾಗದಲ್ಲಿ ಇದರ ಅರ್ಧ" ಎಂದು. ಅವರ್ ಮೀಟರ್ ನೋಡಿದೆವು. ಆಯಿಲ್ ಹಾಕಿದಾಗ 2,140 ಇತ್ತು, ಎಂಜಿನ್ ನಿಂತಾಗ 2,460. ಅಂದರೆ 320 ಗಂಟೆ. ಚಳಿಗಾಲದಲ್ಲಿ ದಿನಕ್ಕೆ ಒಂದೇ ಗಂಟೆ ಓಡುತ್ತಿದ್ದ ಎಂಜಿನ್ ಮಾರ್ಚಿನಿಂದ ದಿನಕ್ಕೆ ಐದು ಗಂಟೆ ಓಡಿತ್ತು. ಅರ್ಧದ ಲೆಕ್ಕ ಹಿಡಿದರೆ 125 ಗಂಟೆ ಫೆಬ್ರವರಿ ನಡುವಿನಲ್ಲೇ ಮುಗಿದಿತ್ತು. ಆದ್ದರಿಂದ ಮೊದಲ ಪಾಠ ಇದು: ಜನರೇಟರಿನ ಆಯಿಲನ್ನು ಹಬ್ಬ ನೋಡಿ ಬದಲಾಯಿಸಬೇಡಿ, ಅವರ್ ಮೀಟರ್ ನೋಡಿ ಬದಲಾಯಿಸಿ. ಬೇಸಿಗೆಯಲ್ಲಿ ದಿನಕ್ಕೆ ಐದು ಗಂಟೆ ಓಡುವ ಎಂಜಿನಿಗೆ 125 ಗಂಟೆ ಎಂದರೆ ಬರೀ 25 ದಿನ. ಕಡಿಮೆ ಓಡುವ ಕಾಲದಲ್ಲಿ ಗಂಟೆ ತುಂಬದಿದ್ದರೂ ಆರು ತಿಂಗಳಿಗೆ ಬದಲಾಯಿಸಲೇಬೇಕು. ನಿಂತ ಆಯಿಲೂ ತೇವ ಮತ್ತು ಆಮ್ಲದಿಂದ ಕೆಡುತ್ತದೆ. ನಿಮ್ಮ ಎಂಜಿನಿನ ಅಂಕಿ ಬೇರೆಯಿರಬಹುದು. ಅದರ ಕೈಪಿಡಿಯೇ ಪ್ರಮಾಣ.

ಅರ್ಧ ಏಕೆ? ಆ ಜನರೇಟರ್ ಇದ್ದದ್ದು ಮಣ್ಣು ರಸ್ತೆಯ ಪಕ್ಕ, ಪಶು ಆಹಾರದ ಚೀಲ ಬಿಚ್ಚುವ ಶೆಡ್ಡಿನಲ್ಲಿ. ಧೂಳಿನಲ್ಲಿರುವ ಮರಳಿನ ಕಣ ಸಾಣೆಕಲ್ಲಿನಂತೆ ಕೆಲಸ ಮಾಡುತ್ತದೆ. ಅದು ಗಾಳಿಯೊಡನೆ ಸಿಲಿಂಡರಿಗೆ ಹೋಗಿ, ಪಿಸ್ಟನ್ ರಿಂಗು ಸವೆಸಿ, ಆಯಿಲಿಗೆ ಇಳಿಯುತ್ತದೆ. ಆಯಿಲ್ ಫಿಲ್ಟರ್ ಅದನ್ನು ಹಿಡಿಯುತ್ತದೆ ನಿಜ, ಆದರೆ ಫಿಲ್ಟರ್ ತುಂಬಿ ಕಟ್ಟಿಕೊಂಡರೆ ಎಂಜಿನ್ ಆಯಿಲಿಲ್ಲದೆ ಸಾಯಬಾರದೆಂದು ಒಂದು ಸಣ್ಣ ವಾಲ್ವ್ ತೆರೆದುಕೊಳ್ಳುತ್ತದೆ. ಆಮೇಲೆ ಸೋಸದ ಆಯಿಲೇ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಆಯಿಲ್ ಹೊಸದು, ಫಿಲ್ಟರ್ ಹಳೆಯದು ಎಂಬ ಉಳಿತಾಯ ಬೇಡ. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಬಿಸಿಲಿನ ಕಷ್ಟ ಬೇರೆ. ಆಯಿಲ್ ಬಿಸಿಯಾದಷ್ಟೂ ಗಾಳಿಯೊಡನೆ ಬೆರೆತು ಬೇಗ ಹಳಸುತ್ತದೆ, ದಪ್ಪವಾಗಿ ಕೆಸರು ಕಟ್ಟುತ್ತದೆ. ಶೆಡ್ಡಿನ ಬಿಸಿಗಾಳಿ ಹೊರಗೆ ಹೋಗಲು ದಾರಿಯಿರಲಿ.

ಆ ಎಂಜಿನಿನಲ್ಲಿ ಇನ್ನೊಂದು ಬಿರುಕು ಸಿಕ್ಕಿತು. ಏರ್ ಫಿಲ್ಟರಿನಿಂದ ಎಂಜಿನಿಗೆ ಹೋಗುವ ರಬ್ಬರ್ ಕೊಳವೆ ಸೀಳಿತ್ತು. ಫಿಲ್ಟರ್ ಎಷ್ಟು ಚೊಕ್ಕವಾಗಿದ್ದರೇನು, ಧೂಳು ಹಿಂಬಾಗಿಲಿನಿಂದ ಹೋಗುತ್ತಿತ್ತು. ಇಂಥ ಸೀಳು ಇದ್ದರೆ ಆಯಿಲನ್ನು ವಾರಕ್ಕೊಮ್ಮೆ ಬದಲಾಯಿಸಿದರೂ ಎಂಜಿನ್ ಉಳಿಯದು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕೊಳವೆಯನ್ನೂ ಕ್ಲಿಪ್ಪನ್ನೂ ಕೈಯಿಂದ ಮುಟ್ಟಿ ನೋಡಿ.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. 15ಡಬ್ಲ್ಯೂ-40 ಎಂದರೆ, ತಣ್ಣಗಿರುವಾಗ ತೆಳು ಆಯಿಲಿನಂತೆ ಹರಿಯುತ್ತದೆ, ಎಂಜಿನ್ ಕಾದಾಗ 40ರ ದರ್ಜೆಯ ಮಂದತನ ಉಳಿಸಿಕೊಳ್ಳುತ್ತದೆ ಎಂದರ್ಥ. ಡಬ್ಲ್ಯೂ ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. ಬರೀ 40 ಎಂದು ಬರೆದ ಆಯಿಲ್ ಕಾದಾಗ ಇದರಷ್ಟೇ ಮಂದ, ಆದರೆ ತಣ್ಣಗಿರುವಾಗ ಹೆಚ್ಚು ಗಟ್ಟಿ. "ನಮ್ಮಲ್ಲಿ ಬಿಸಿಲು ಜಾಸ್ತಿ, ಇನ್ನೂ ದಪ್ಪ ಆಯಿಲ್ ಹಾಕೋಣ" ಎಂದು ಕೆಲವರು ಹೇಳುತ್ತಾರೆ. ಜನರೇಟರಿಗೆ ಇದು ಒಳ್ಳೆಯದಲ್ಲ. ಅದು ಕರೆಂಟು ಹೋದಾಗ ತಣ್ಣಗಿದ್ದಲ್ಲಿಂದ ಥಟ್ಟನೆ ಏಳಬೇಕಾದ ಎಂಜಿನ್. ದಪ್ಪ ಆಯಿಲ್ ಮೇಲಿನ ಭಾಗಗಳಿಗೆ ತಲುಪಲು ತಡ, ಅಷ್ಟು ಹೊತ್ತು ಲೋಹಕ್ಕೆ ಲೋಹ ಉಜ್ಜುತ್ತದೆ. ನಮ್ಮ ಬೇಸಿಗೆಗೆ ಹೆಚ್ಚಿನ ಡೀಸೆಲ್ ಎಂಜಿನುಗಳಿಗೆ 15ಡಬ್ಲ್ಯೂ-40 ಸಾಕು. ಎಂಜಿನ್ ಎದ್ದ ಮೇಲೆ ಎರಡು ಮೂರು ನಿಮಿಷ ಬಿಟ್ಟು ಬಿ.ಎಂ.ಸಿ. ಸ್ವಿಚ್ ಹಾಕಿ.

ಮಂದತನದ ಅಂಕಿಯಷ್ಟೇ ಸಾಲದು, ಗುಣದ ಅಕ್ಷರವನ್ನೂ ನೋಡಿ. ಎಪಿಐ ಎಂಬುದರ ಮುಂದೆ ಸಿ ಯಿಂದ ಶುರುವಾದರೆ, ಉದಾಹರಣೆಗೆ ಸಿಎಚ್-4, ಸಿಐ-4 ಎಂದಿದ್ದರೆ, ಅದು ಡೀಸೆಲ್ ಎಂಜಿನಿಗೆ. ಎಸ್ ನಿಂದ ಶುರುವಾದದ್ದು ಪೆಟ್ರೋಲ್ ಎಂಜಿನಿಗೆ. ಬೈಕಿನ ಆಯಿಲ್ ಉಳಿದಿದೆ ಎಂದು ಜನರೇಟರಿಗೆ ಸುರಿಯಬೇಡಿ. 2023ರ ನಂತರದ ಹೊಸ ಮಾಲಿನ್ಯ ನಿಯಮದ ಜನರೇಟರ್ ಇದ್ದರೆ ಕೈಪಿಡಿ ಹೇಳಿದ ದರ್ಜೆಯನ್ನೇ ತನ್ನಿ.

ಕೆಟ್ಟಿದ್ದು ಗೊತ್ತಾಗುವುದು ಹೇಗೆ? ಬಣ್ಣ ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತೆಂದಲ್ಲ. ಡೀಸೆಲ್ ಎಂಜಿನಿನ ಆಯಿಲ್ ಮಸಿಯನ್ನು ತನ್ನಲ್ಲಿ ತೇಲಿಸಿಕೊಳ್ಳುವುದರಿಂದ ಬೇಗ ಕಪ್ಪಾಗುತ್ತದೆ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಅಳತೆ ಕಡ್ಡಿ ತೆಗೆದು, ಆಯಿಲನ್ನು ಬೆರಳಲ್ಲಿ ಉಜ್ಜಿ. ಮರಳಿನಂತೆ ತಗುಲಿದರೆ ಧೂಳು ಸೇರಿದೆ. ನೀರಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಬೆರೆತಿದೆ. ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಬೆರೆತಿದೆ. ಆಗ ಎಂಜಿನ್ ಓಡಿಸಲೇಬೇಡಿ. ಆ ಸಂಘದಲ್ಲಿ ಮಾರ್ಚಿನಲ್ಲಿ ಎರಡು ಸಲ ಒಂದೊಂದು ಲೀಟರ್ ಆಯಿಲ್ ತುಂಬಿದ್ದರು, ನೀಲಿ ಹೊಗೆಯೂ ಬರುತ್ತಿತ್ತು. ರಿಂಗು ಸವೆದ ಗುರುತು ಅದೇ. ಅಂದೇ ಮೆಕ್ಯಾನಿಕ್ಕನ್ನು ಕರೆಸಿದ್ದರೆ ಬೇರಿಂಗು ಉಳಿಯುತ್ತಿತ್ತು.

ಬದಲಾಯಿಸುವಾಗ ಎಂಜಿನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಿನ ಆಯಿಲ್ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಹೊಸ ಫಿಲ್ಟರಿನ ರಬ್ಬರಿಗೆ ಸ್ವಲ್ಪ ಆಯಿಲ್ ಸವರಿ, ಹಳೆಯ ರಬ್ಬರ್ ಅಂಟಿಕೊಂಡಿಲ್ಲವೆಂದು ನೋಡಿ, ಕೈಯಿಂದಲೇ ಬಿಗಿಯಿರಿ. ಕಡ್ಡಿಯ ಮೇಲಿನ ಗುರುತು ದಾಟಿ ತುಂಬಬೇಡಿ, ನೊರೆ ಕಟ್ಟುತ್ತದೆ. ಎಂಜಿನ್ ಹಾಕಿದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ಒತ್ತಡದ ದೀಪ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಿ. ನಂತರ ಮೀಟರಿನ ಅಂಕಿಯನ್ನೂ ಮುಂದಿನ ಬದಲಾವಣೆಯ ಅಂಕಿಯನ್ನೂ ಗೋಡೆಯ ಮೇಲೆ ದಪ್ಪಗೆ ಬರೆಯಿರಿ. ಆಗ ಹಾಲು ಹಾಕಲು ಬಂದ ಯಾವ ಸದಸ್ಯರಾದರೂ ಓದಿ ಕೇಳಬಹುದು.

ಕೊನೆಯದಾಗಿ ನನ್ನ ವೃತ್ತಿಯ ಮಾತು. ತೆಗೆದ ಹಳೆಯ ಆಯಿಲನ್ನು ಉಣ್ಣೆ ಹೋಗಲಿ, ಗಾಯ ಮಾಯಲಿ ಎಂದು ದನಗಳ ಮೈಗೆ ಹಚ್ಚುವ ರೂಢಿ ಇದೆ. ಅದರಲ್ಲಿ ಸವೆದ ಲೋಹ, ಸುಟ್ಟ ಇಂಧನದ ವಿಷ ಇರುತ್ತದೆ. ದನ ಮೈ ನೆಕ್ಕುತ್ತದೆ, ಡಬ್ಬಿಯಲ್ಲಿಟ್ಟದ್ದನ್ನೂ ನೆಕ್ಕುತ್ತದೆ. ಉಣ್ಣೆಗೆ ಔಷಧಿ ಬೇರೆಯಿದೆ, ನಮ್ಮನ್ನು ಕೇಳಿ. ಹಳೆಯ ಆಯಿಲನ್ನು ಮುಚ್ಚಿದ ಡಬ್ಬಿಯಲ್ಲಿ, ಮೇವಿನಿಂದ ದೂರವಿಟ್ಟು, ಪರವಾನಗಿ ಇರುವ ಖರೀದಿದಾರರಿಗೇ ಕೊಡಿ.

ಇಂದು ಸಂಜೆ ಹಾಲು ಹಾಕಲು ಹೋದಾಗ ನಿಮ್ಮ ಸಂಘದ ಅವರ್ ಮೀಟರ್ ಒಮ್ಮೆ ನೋಡಿ ಬನ್ನಿ.