ಓಲೆ ಎರಡು ಸಲ ಹೇಳಿತೋ, ನಾವು ಎರಡು ಸಲ ಬರೆದೆವೋ?

(ಭೂತನಾಳದಲ್ಲಿ ಶರಣರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾವು ಕುಳಿತಿರುವುದು ಫ. ಗು. ಹಳಕಟ್ಟಿಯವರು ಬಾಳಿದ ವಿಜಯಪುರದ ನೆಲದಲ್ಲಿ. ವಕೀಲಿ ಮಾಡುತ್ತಲೇ ಅವರು ಮನೆ ಮನೆ, ಮಠ ಮಠ ತಿರುಗಿ ತಾಡೋಲೆಯ ಕಟ್ಟುಗಳನ್ನು ಕೂಡಿಸಿದರು, ಓದಿದರು, ಪ್ರತಿ ಮಾಡಿದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಅವರ ಕೈಯಲ್ಲಿ ಫೋಟೊ ಇರಲಿಲ್ಲ. ಓಲೆಯನ್ನೇ ಎದುರಿಗಿಟ್ಟುಕೊಂಡು ಬರೆದರು. ಇಂದು ನಮ್ಮ ಪ್ರತಿಯೊಬ್ಬರ ಜೇಬಿನಲ್ಲಿ ಕ್ಯಾಮೆರಾ ಇದೆ. ಆದರೆ ಫೋಟೊ ನೋಡಿ ಬರೆಯುವಾಗ ಓಲೆ ನೋಡಿ ಬರೆಯುವವರಿಗೆ ಬರದ ಒಂದು ತಪ್ಪು ಬರುತ್ತದೆ. ನಾವೇ ಮಾಡಿದ ಆ ತಪ್ಪನ್ನು ಹೇಳಬೇಕೆಂದೇ ಇಂದು ಎದ್ದು ನಿಂತಿದ್ದೇನೆ.

ತಿಕೋಟಾ ಕಡೆಯ ಒಂದು ಮನೆಯಲ್ಲಿ ವಚನಗಳ ಕಟ್ಟು ಇದೆ ಎಂದು ತಿಳಿದು ಹೋದೆವು. ಮನೆಯ ಹಿರಿಯ ತಾಯಿ ಹೇಳಿದರು: “ನಮ್ಮ ಅಜ್ಜಾರು ಪೂಜಾ ಮಾಡತಿದ್ದ ಕಟ್ಟು ಐತ್ರಿ ಇದು. ಹೊರಗ ಒಯ್ಯಬ್ಯಾಡ್ರಿ. ಏನ ಮಾಡೂದೈತಿ ಇಲ್ಲೇ ಕುಂತು ಮಾಡ್ರಿ.” ಸರಿಯಾದ ಮಾತು. ಪಡಸಾಲೆಯಲ್ಲೇ ಕುಳಿತು ಮೊಬೈಲಿನಲ್ಲಿ ಫೋಟೊ ತೆಗೆದೆವು.

ಓಲೆಯ ಉದ್ದ ಸುಮಾರು 45 ಸೆಂಟಿಮೀಟರ್, ಅಗಲ ನಾಲ್ಕು. ಮಗ್ಗುಲಿಗೆ ಏಳು ಸಾಲು. ಇಡೀ ಓಲೆ ಒಂದೇ ಫೋಟೊದಲ್ಲಿ ಹಿಡಿಸಿದರೆ ಅಕ್ಷರ ಸಾಸಿವೆಯಾಗುತ್ತದೆ. ಆದ್ದರಿಂದ ಎಡ, ನಡು, ಬಲ ಎಂದು ಮೂರು ಭಾಗ ಮಾಡಿಕೊಂಡೆವು. ಒಂದೊಂದು ಫೋಟೊಕ್ಕೆ 18 ಸೆಂಟಿಮೀಟರ್. ಹೀಗೆ ತೆಗೆದರೆ ಪಕ್ಕಪಕ್ಕದ ಫೋಟೊಗಳು ನಾಲ್ಕೂವರೆ ಸೆಂಟಿಮೀಟರ್‌ನಷ್ಟು ಒಂದರ ಮೇಲೊಂದು ಬರುತ್ತವೆ. ಬರಲೇಬೇಕು. ಆ ಹೊಂದಿಕೆಯೇ ಮುಂದೆ ನಮಗೆ ಸಾಕ್ಷಿ.

ಒಂದೊಂದು ಭಾಗಕ್ಕೂ ಮತ್ತೆ ಎರಡೆರಡು ಫೋಟೊ ಬೇಕಾಯಿತು. ಓಲೆಯ ಅಕ್ಷರ ಮಸಿಯಲ್ಲಿ ಬರೆದದ್ದಲ್ಲ, ಕಂಠದಿಂದ ಕೊರೆದದ್ದು. ಕೊರೆದ ಗೆರೆಗೆ ತುಂಬಿದ ಕಾಡಿಗೆ ಅಲ್ಲಲ್ಲಿ ಹೋಗಿರುತ್ತದೆ. ಅಂಥ ಕಡೆ ಗೆರೆಯ ನೆರಳನ್ನು ನೋಡಿಯೇ ಓದಬೇಕು. ಬೆಳಕು ಗೆರೆಗೆ ಅಡ್ಡವಾಗಿ ಬಿದ್ದರೆ ನೆರಳು ಕಾಣುತ್ತದೆ. ಗೆರೆಯ ಗುಂಟ ಹರಿದರೆ ನೆರಳೇ ಇಲ್ಲ. ಹೀಗಾಗಿ ಒಮ್ಮೆ ಟಾರ್ಚನ್ನು ಓಲೆಯ ಮೇಲಂಚಿನಿಂದ ತಗ್ಗಿಸಿ ಹಿಡಿದೆವು, ಇನ್ನೊಮ್ಮೆ ಎಡಗಡೆಯಿಂದ. ಒಂದು ಮಗ್ಗುಲಿಗೆ ಒಟ್ಟು ಆರು ಫೋಟೊ.

ಊರಿಗೆ ಬಂದ ಮೇಲೆ ನಮ್ಮ ಹುಡುಗನೊಬ್ಬ ಬಹಳ ಉತ್ಸಾಹದಿಂದ ಆರೂ ಫೋಟೊಗಳನ್ನು ನೋಡಿ ಟೈಪ್ ಮಾಡಿದ. ಅಂಕಿತ ಬಂದಲ್ಲೆಲ್ಲ ಅದನ್ನು ಬೇರೆ ಸಾಲಿಗೆ ಇಳಿಸಿದ. ಸಹಜವಾಗಿ ಎಲ್ಲ ಎರಡೆರಡು ಸಲ ಬಂದಿತು. ಆಗ ಎಕ್ಸೆಲ್‌ನಲ್ಲಿ ಹಾಕಿ, ಒಂದೇ ಥರದ ಸಾಲುಗಳನ್ನು ತೆಗೆದುಹಾಕುವ ಗುಂಡಿ ಒತ್ತಿದ. ಪಠ್ಯ ಚೊಕ್ಕವಾಗಿ ಕಂಡಿತು. ನಾನೂ ಮೆಚ್ಚಿದೆ.

ಒಂದು ವಾರದ ನಂತರ ಓದುತ್ತ ಕುಳಿತಾಗ ಎದೆ ಧಸಕ್ಕೆಂದಿತು. ಆ ಮಗ್ಗುಲಲ್ಲಿ ನಾಲ್ಕು ವಚನ ಮುಗಿಯುತ್ತವೆ. ನಾಲ್ಕರ ಕೊನೆಗೂ ಒಂದೇ ಅಂಕಿತ. ಗುಂಡಿಯು ಮೊದಲನೆಯದನ್ನು ಉಳಿಸಿ ಉಳಿದ ಮೂರನ್ನು ನುಂಗಿತ್ತು. ಹಳೆಯ ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ, ವಚನಕ್ಕೊಂದು ಹೊಸ ಸಾಲಿಲ್ಲ. ಎಲ್ಲ ಒಂದೇ ಸಮನೆ ಹರಿಯುತ್ತದೆ. ವಚನ ಎಲ್ಲಿ ಮುಗಿಯಿತು, ಯಾವ ಶರಣರದು ಎಂದು ಹೇಳುವುದೇ ಅಂಕಿತ. ಅದು ಹೋದರೆ ವಚನಗಳು ಒಂದಕ್ಕೊಂದು ಅಂಟಿ ಹೋಗುತ್ತವೆ, ಕರ್ತೃವೂ ಹೋಗುತ್ತಾನೆ. ಇನ್ನೊಂದು ವಿಚಿತ್ರ ನೋಡಿ: ನಿಜವಾಗಿ ತೆಗೆಯಬೇಕಾಗಿದ್ದ ಒಂದು ಸಾಲು ಎರಡೂ ಸಲ ಹಾಗೇ ಉಳಿದಿತ್ತು. ಯಾಕೆಂದರೆ ಒಂದು ಫೋಟೊ ನೋಡಿ ‘ದನ’ ಎಂದು ಟೈಪ್ ಆಗಿತ್ತು, ಇನ್ನೊಂದನ್ನು ನೋಡಿ ‘ಧನ’ ಎಂದು. ಒಂದಕ್ಷರದ ವ್ಯತ್ಯಾಸ ಸಾಕು, ಗುಂಡಿಗೆ ಅವು ಬೇರೆ ಬೇರೆ ಸಾಲು. ಉಳಿಯಬೇಕಾದ್ದು ಹೋಯಿತು, ಹೋಗಬೇಕಾದ್ದು ಉಳಿಯಿತು.

ಹಾಗಾದರೆ ಭೇದ ಹೇಗೆ ತಿಳಿಯಬೇಕು? ನಮಗೆ ಹೊಳೆದ ಸೂತ್ರ ಇಷ್ಟೇ. ಒಂದೇ ಫೋಟೊದಲ್ಲಿ ಒಂದು ಮಾತು ಎರಡು ಕಡೆ ಕಂಡರೆ ಆ ಪುನರುಕ್ತಿ ಓಲೆಯದು, ಅದನ್ನು ಮುಟ್ಟಬಾರದು. ಎರಡು ಫೋಟೊಗಳಲ್ಲಿ ಒಂದೊಂದು ಸಲ ಕಂಡರೆ ಅದು ನಮ್ಮ ಕ್ಯಾಮೆರಾದ ಪುನರುಕ್ತಿ ಇರಬಹುದು. ಇರಬಹುದು ಎಂದೆ. ಅದನ್ನು ಮಾತಿನಿಂದಲ್ಲ, ಜಾಗದಿಂದ ತೀರ್ಮಾನಿಸಬೇಕು. ಪ್ರತಿ ಮಾಡಿದವನು ಕಣ್ತಪ್ಪಿ ಒಂದು ಪದ ಎರಡು ಸಲ ಕೊರೆದಿದ್ದರೆ ಅದನ್ನೂ ಹಾಗೇ ಬರೆದುಕೊಂಡು ಪಕ್ಕದಲ್ಲಿ ಗುರುತು ಹಾಕಬೇಕು. ತಿದ್ದುವುದು ಆಮೇಲಿನ ಕೆಲಸ, ಬೇರೆ ಹಾಳೆಯಲ್ಲಿ.

ಮೊದಲಿನಿಂದ ಮತ್ತೆ ಶುರು ಮಾಡಿದೆವು. ಫೋಟೊಗಳಿಗೆ ಹೆಸರಿಟ್ಟೆವು: ‘12 ಮುಂ 2 ಮೇಲು’ ಎಂದರೆ ಹನ್ನೆರಡನೆಯ ಓಲೆ, ಮುಂಬದಿ, ಎರಡನೆಯ ಭಾಗ, ಮೇಲಿನ ಬೆಳಕು. ಫೋಟೊದ ಲೆಕ್ಕದಲ್ಲಿ ಟೈಪ್ ಮಾಡುವುದನ್ನು ಬಿಟ್ಟು ಸಾಲಿನ ಲೆಕ್ಕ ಹಿಡಿದೆವು. ಒಂದನೆಯ ಸಾಲಿನ ಎಡ, ನಡು, ಬಲ ತುಂಡುಗಳನ್ನು ಒಂದರ ಕೆಳಗೊಂದು ಬರೆದು ಜೋಡಿಸಿ, ಆಮೇಲೆ ಎರಡನೆಯ ಸಾಲಿಗೆ ಹೋಗುವುದು.

ಜೋಡಿಸಲು ಗುರುತು ಬೇಕಲ್ಲ? ಓಲೆಯೇ ಕೊಟ್ಟಿದೆ. ದಾರ ಪೋಣಿಸುವ ಎರಡು ತೂತುಗಳು. ನಮ್ಮ ಓಲೆಯಲ್ಲಿ ಅವು ಫೋಟೊಗಳು ಕೂಡುವ ಜಾಗದಲ್ಲೇ ಇದ್ದವು. ತೂತಿನ ಸುತ್ತ ಬರೆದವನು ಜಾಗ ಬಿಟ್ಟಿರುತ್ತಾನೆ. ಹೀಗಾಗಿ ನಡುವಿನ ಸಾಲುಗಳು ಅಲ್ಲಿ ತುಂಡಾಗುತ್ತವೆ. ನಾಲ್ಕನೆಯ ಸಾಲು ತೂತಿಗೆ ನೇರ. ಅಲ್ಲಿಂದ ಮೇಲಕ್ಕೆ ಮೂರು, ಕೆಳಕ್ಕೆ ಮೂರು ಎಣಿಸಿದರೆ, ಫೋಟೊ ಓರೆಯಾಗಿ ಸಾಲುಗಳು ಇಳಿಜಾರಾಗಿದ್ದರೂ ದಾರಿ ತಪ್ಪುವುದಿಲ್ಲ.

ತಪ್ಪಿದರೆ ತಿಳಿಯುವುದು ಹೇಗೆ? ಸಾಲಿಗೆ ಸುಮಾರು 60 ಅಕ್ಷರ. ಒಂದು ತುಂಡಿನಲ್ಲಿ ಸುಮಾರು 24. ಎರಡು ತುಂಡುಗಳು ಕೂಡುವಲ್ಲಿ ಆರು ಅಕ್ಷರ ಎರಡರಲ್ಲೂ ಇರಬೇಕು. ಆ ಆರರಲ್ಲಿ ಒಂದು ಹೊಂದದಿದ್ದರೆ ಅದು ಓದಿನ ವ್ಯತ್ಯಾಸ. ಆರೂ ಹೊಂದದಿದ್ದರೆ ನೀವು ಸಾಲು ಹಾರಿದ್ದೀರಿ, ಎಡಗಡೆಯ ನಾಲ್ಕನೆಯ ಸಾಲಿಗೆ ಬಲಗಡೆಯ ಐದನೆಯದನ್ನು ಹಚ್ಚಿದ್ದೀರಿ. ಈ ಎರಡನ್ನು ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಮುಗಿಯುತ್ತದೆ. ಜೋಡಿಸಿದ ಮೇಲೆ ಅಕ್ಷರ ಎಣಿಸಬೇಕು. ಅಕ್ಕಪಕ್ಕದ ಸಾಲುಗಳು 58, 61 ಬಂದು, ನಡುವಿನದು 49 ಬಂದರೆ ಏನೋ ನುಂಗಿ ಹೋಗಿದೆ. ವಚನದಲ್ಲಿ ಒಂದೇ ಪದ ಹತ್ತಿರ ಹತ್ತಿರ ಮರಳಿ ಬರುತ್ತದೆ. ಮೊದಲ ಸಲದ ಪದವನ್ನು ಎರಡನೆಯ ಸಲದ ಪದವೆಂದು ತಿಳಿದು ಜೋಡಿಸಿದರೆ ನಡುವಿನದು ಮಾಯ. ಓದಿದರೆ ಅರ್ಥವೂ ಸರಿ ಇದ್ದಂತೆ ಕಾಣುತ್ತದೆ. ಎಣಿಕೆಯೇ ಅದನ್ನು ಹಿಡಿಯುವುದು. ಆದರೆ ತೂತಿನ ಸಾಲು, ವಚನದ ಕೊನೆಯಲ್ಲಿ ಜಾಗ ಬಿಟ್ಟ ಸಾಲು ಹೇಗೂ ಕಡಿಮೆ ಬರುತ್ತವೆ. ಅಲ್ಲಿ ಫೋಟೊ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು.

ಎಣಿಕೆಯೂ ಕೈಬಿಟ್ಟ ಒಂದು ಜಾಗ ಹೇಳುತ್ತೇನೆ. ಕಟ್ಟಿನ ಕೊನೆಯ ಓಲೆ, ಅರ್ಧ ಖಾಲಿ. ಅವಸರದಲ್ಲಿ ತೆಗೆದ ಫೋಟೊ, ಹೊಂದಿಕೆ ಬಹಳ ಕಡಿಮೆ. ಎಡ ಫೋಟೊ ‘ಮಂಗಳ ಮಹಾ ಶ್ರೀ ಶ್ರೀ’ ಎಂದು ಮುಗಿಯುತ್ತದೆ. ನಡು ಫೋಟೊ ‘ಶ್ರೀ ಶ್ರೀ’ ಎಂದು ಶುರುವಾಗುತ್ತದೆ. ಓಲೆಯಲ್ಲಿ ಇರುವ ಶ್ರೀ ಎಷ್ಟು? ಎರಡೇ ಇರಬಹುದು, ಮೂರಿರಬಹುದು, ನಾಲ್ಕೂ ಇರಬಹುದು. ಅಕ್ಷರ ನೋಡಿದರೆ ಮೂರಕ್ಕೂ ಸಾಕ್ಷಿ ಇದೆ. ಆಗ ನಮಗೆ ನೆರವಾದದ್ದು ಹುಳ! ಎಡ ಫೋಟೊದಲ್ಲಿ ಎರಡನೆಯ ಶ್ರೀಯ ಕೆಳಗೆ ಹುಳ ತಿಂದ ಸಣ್ಣ ತೂತು. ನಡು ಫೋಟೊದಲ್ಲಿ ಅದೇ ಆಕಾರದ ತೂತು ಮೊದಲನೆಯ ಶ್ರೀಯ ಕೆಳಗೆ. ಅಂದರೆ ಎಡದ ಎರಡನೆಯದೂ ನಡುವಿನ ಮೊದಲನೆಯದೂ ಒಂದೇ. ಒಟ್ಟು ಮೂರು ಶ್ರೀ. ಹುಳದ ತೂತು, ಸೀಳು, ಕಲೆ ಇವನ್ನು ದೋಷವೆಂದು ಫೋಟೊದಿಂದ ಒರೆಸಿಹಾಕುವವರಿದ್ದಾರೆ. ದಯವಿಟ್ಟು ಒರೆಸಬೇಡಿ. ಮಾತು ಮರಳಿ ಬರುತ್ತದೆ, ಹುಳದ ತೂತು ಮರಳಿ ಬರುವುದಿಲ್ಲ.

ಇನ್ನು ‘ದನ’, ‘ಧನ’ದ ಪ್ರಶ್ನೆ. ಎರಡಕ್ಕೂ ವ್ಯತ್ಯಾಸ ಅಕ್ಷರದ ಕೆಳಗಿನ ಒಂದು ಚಿಕ್ಕ ನಿಂತ ಗೆರೆ. ಮೇಲಂಚಿನ ಬೆಳಕು ಆ ಗೆರೆಯ ಗುಂಟವೇ ಹರಿಯುವುದರಿಂದ ಅದು ಕಾಣಲಿಲ್ಲ. ಎಡಗಡೆಯ ಬೆಳಕಿನಲ್ಲಿ ನೆರಳು ಸ್ಪಷ್ಟವಾಯಿತು. ಆದ್ದರಿಂದ ‘ಧನ’ ಉಳಿಸಿದೆವು. ಒಂದರಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ, ಯಾವ ಬೆಳಕಿನಲ್ಲಿ ಆ ಗೆರೆ ಕಾಣಬೇಕು ಎಂದು ಕೇಳಿಕೊಳ್ಳಬೇಕು. ಎರಡರಲ್ಲೂ ಕಾಣದಿದ್ದರೆ ‘ದನ’ ಎಂದೇ ಬರೆಯಬೇಕು. ಹಳೆಯ ಪ್ರತಿಕಾರರು ಮಹಾಪ್ರಾಣವನ್ನು ಎಷ್ಟೋ ಸಲ ಹಾಕುವುದಿಲ್ಲ, ಎ-ಏ, ಒ-ಓ ಭೇದವನ್ನೂ ತೋರಿಸುವುದಿಲ್ಲ. ನಮಗೆ ಅರ್ಥ ಹೊಳೆಯಿತೆಂದು ಓಲೆಯಲ್ಲಿಲ್ಲದ್ದನ್ನು ಓಲೆಯ ಬಾಯಲ್ಲಿ ಇಡಬಾರದು. ಯಾವ ಬೆಳಕಿಗೂ ಸಿಗದ ಅಕ್ಷರಕ್ಕೆ ಒಂದೊಂದು ಚುಕ್ಕೆ ಇಟ್ಟೆವು.

ಹೀಗೆ ಒಂದು ಮಗ್ಗುಲಿಗೆ ಅರ್ಧ ದಿನ ಹಿಡಿಯಿತು. ಗುಂಡಿ ಒತ್ತಿದಾಗ ಒಂದು ಗಳಿಗೆ ಸಾಕಾಗಿತ್ತು. ಆ ಹುಡುಗನೇ ಈಗ ಈ ಕೆಲಸದಲ್ಲಿ ನಮಗಿಂತ ಗಟ್ಟಿ. ಕಂಪ್ಯೂಟರನ್ನು ಅವನು ಬಿಟ್ಟಿಲ್ಲ. ಒಂದೇ ಥರದ ಸಾಲುಗಳಿಗೆ ಬಣ್ಣ ಹಚ್ಚಿ ತೋರಿಸು ಎನ್ನುತ್ತಾನೆ, ತೆಗೆದುಹಾಕು ಎನ್ನುವುದಿಲ್ಲ. ಬಣ್ಣ ಬಂದಲ್ಲಿ ಫೋಟೊ ತೆರೆದು ಜಾಗ ನೋಡುತ್ತಾನೆ.

ಕೆಲಸ ಮುಗಿದ ದಿನ ಓದಿ ಹೇಳಲು ಆ ಮನೆಗೆ ಹೋದೆವು. ತಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಪ್ರತಿ ವಚನದ ಕೊನೆಗೆ ಅಂಕಿತ ಬಂದಾಗ ಕೈ ಮುಗಿಯುತ್ತಿದ್ದರು. ಆ ಮಗ್ಗುಲಿಗೆ ನಾಲ್ಕು ಸಲ ಮುಗಿದರು. ನಮ್ಮ ಮೊದಲ ಪ್ರತಿಯನ್ನು ಓದಿದ್ದರೆ ಒಂದೇ ಸಲ ಮುಗಿಯುತ್ತಿದ್ದರು.