ಎರಡು ಲೀಟರ್ ಗ್ರೈಂಡರ್‌ಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ನೀರು?

ಇವತ್ತಿನ ವಿಷಯ ನಿಮ್ಮ ಅಡುಗೆಮನೆ ಕಟ್ಟೆ ಮೇಲೇ ಇದೆ: ವೆಟ್ ಗ್ರೈಂಡರ್. ನಮ್ಮ ಜಾಲಹಳ್ಳಿ ಕಡೆ ಬಾಡಿಗೆ ಮನೆಗಳಲ್ಲಿ ನಾನು ನೋಡಿರೋದು ಹೆಚ್ಚಾಗಿ ಎರಡು ಲೀಟರ್‌ದು. ಟೇಬಲ್ ಟಾಪ್, ಒಳಗೆ ಎರಡೋ ಮೂರೋ ಕಲ್ಲು. ಅದರಲ್ಲಿ ಒಂದು ಸಲಕ್ಕೆ ಎಷ್ಟು ಹಾಕಬಹುದು ಅಂತ ಕೇಳಿದ್ರೆ ಸುಮಾರು ಜನ 'ಎರಡು ಲೀಟರ್ ಅಂತ ಬರೆದಿದೆಯಲ್ಲ' ಅಂತಾರೆ. ಗೊಂದಲ ಶುರುವಾಗೋದೇ ಅಲ್ಲಿ.

ಆ ಎರಡು ಲೀಟರ್ ಅನ್ನೋದು ಡ್ರಮ್ಮಿನ ಅಳತೆ. ನೀವು ಹಾಕೋ ಒಣ ಅಕ್ಕಿಯದ್ದಲ್ಲ. ಅಕ್ಕಿ ನೆನೆದಾಗ ಒಂದಷ್ಟು ನೀರು ಕುಡಿಯುತ್ತೆ, ರುಬ್ಬುವಾಗ ಇನ್ನಷ್ಟು ನೀರು ಸೇರುತ್ತೆ, ಉದ್ದಿನ ಬೇಳೆಗಾದ್ರೆ ಇದರ ಜೊತೆ ಗಾಳಿಯೂ ಸೇರಿ ಉಬ್ಬುತ್ತೆ. ನಾನು ಬಿ.ಕಾಂ. ಓದಿದವಳು, ಹಾಗಾಗಿ ಇದನ್ನ ಜಮಾ ಖರ್ಚಿನ ಲೆಕ್ಕದ ಥರಾನೇ ನೋಡ್ತೀನಿ.

ನಮ್ಮ ಮೇಲಿನ ಮನೆಯಲ್ಲಿ ಮೂವರು ಹುಡುಗರಿದ್ದಾರೆ, ಪೀಣ್ಯದಲ್ಲಿ ಕೆಲಸ. ಒಂದು ಶನಿವಾರ ಸಂಜೆ ಒಬ್ಬ ಕೆಳಗೆ ಬಂದು, 'ಅಕ್ಕಾ, ಗ್ರೈಂಡರ್ ಗುಂಯ್ ಅಂತಿದೆ, ತಿರುಗ್ತಾ ಇಲ್ಲ, ರಬ್ಬರ್ ಸುಟ್ಟ ವಾಸನೆ ಬರ್ತಿದೆ' ಅಂದ. ಮರುದಿನ ಬೆಳಿಗ್ಗೆ ಊರಿಂದ ಅಪ್ಪ ಅಮ್ಮ ಎಲ್ಲಾ ಬರೋರಿದ್ರು, ಇಡ್ಲಿ ಅಂತ ಹೇಳಿಬಿಟ್ಟಿದ್ದ. ಹೋಗಿ ನೋಡಿದ್ರೆ ಒಂದು ಕೆಜಿ ಇಡ್ಲಿ ಅಕ್ಕಿ, ಅದರ ಮೂರನೇ ಒಂದು ಭಾಗ ಉದ್ದಿನ ಬೇಳೆ, ಎರಡನ್ನೂ ಒಟ್ಟಿಗೆ ನೆನೆಹಾಕಿ ಒಟ್ಟಿಗೇ ಸುರಿದಿದ್ದಾರೆ.

ಲೆಕ್ಕ ಹಾಕಿ. ಒಂದು ಕೆಜಿ ಅಕ್ಕಿ ನೆನೆದ ಮೇಲೆ ಸುಮಾರು 1,300 ಗ್ರಾಂ ಆಗುತ್ತೆ. ರುಬ್ಬೋಕೆ ಅರ್ಧ ಲೀಟರ್ ಹತ್ರ ನೀರು ಬೇಕು. ಅಲ್ಲಿಗೆ 1,800. ಉದ್ದಿನ ಬೇಳೆ ನೆನೆದ್ರೆ ತೂಕ ಹೆಚ್ಚುಕಮ್ಮಿ ಎರಡರಷ್ಟು. 330 ಗ್ರಾಂ ಇದ್ದದ್ದು 660 ಆಯ್ತು, ಮೇಲೆ 600 ಮಿಲಿ ನೀರು. ಎಲ್ಲಾ ಸೇರಿದ್ರೆ ಮೂರು ಕೆಜಿ ದಾಟುತ್ತೆ. ಡ್ರಮ್ಮು ಎರಡೇ ಲೀಟರ್, ಅದರಲ್ಲೂ ಕಲ್ಲುಗಳಿಗೆ ಜಾಗ ಬೇಕು. ಎಲ್ಲಿಂದ ಹಿಡಿಯುತ್ತೆ?

ಇನ್ನೊಂದು ವಿಷಯ: ಮಿಕ್ಸಿಗೆ 500, 750 ವ್ಯಾಟ್ ಮೋಟಾರ್ ಇದ್ರೆ, ಟೇಬಲ್ ಟಾಪ್ ಗ್ರೈಂಡರ್‌ಗೆ ಸಾಮಾನ್ಯವಾಗಿ 150 ವ್ಯಾಟ್ ಆಸುಪಾಸು. ನಿಧಾನಕ್ಕೆ ತಿರುಗಿ, ಕಲ್ಲಿನ ಭಾರದಿಂದ ಅರೆಯೋ ಯಂತ್ರ ಅದು. ಅಜ್ಜಿ ಮನೆಯ ಒರಳು ಕಲ್ಲಿನ ಹಾಗೆ, ಆದ್ರೆ ಅಲ್ಲಿ ಗುಂಡು ತಿರುಗುತ್ತೆ, ಇಲ್ಲಿ ಡ್ರಮ್ಮೇ ತಿರುಗುತ್ತೆ. ಅಕ್ಕಿ ಗಟ್ಟಿಯಾಗಿ ತಳದಲ್ಲಿ ಕೂತುಬಿಟ್ರೆ ಡ್ರಮ್ ನಿಲ್ಲುತ್ತೆ, ಬೆಲ್ಟ್ ಜಾರುತ್ತೆ. ಆ ವಾಸನೆ ಬಂದಿದ್ದು ಬೆಲ್ಟಿಂದ. ಆಗ ತಕ್ಷಣ ಸ್ವಿಚ್ ಆಫ್ ಮಾಡಬೇಕು. ಗುಂಯ್ ಅಂತಲೇ ಬಿಟ್ರೆ ಮುಂದಿನ ಸರದಿ ಮೋಟಾರ್‌ದು.

ಅರ್ಧಕ್ಕಿಂತ ಹೆಚ್ಚು ತೆಗೆಸಿದೆ, ತಿರುಗಿತು. ಮಿಕ್ಕಿದ್ದನ್ನ ಎರಡು ಸಲ ಮಾಡಿ ರುಬ್ಬಿದ್ವಿ. ಆದ್ರೆ ಅಕ್ಕಿ, ಬೇಳೆ ಕಲೆತುಹೋಗಿದ್ರಿಂದ ಉದ್ದು ಉಬ್ಬಲೇ ಇಲ್ಲ. ಇಡ್ಲಿ ಆಸೆ ಬಿಟ್ಟು ದೋಸೆ ಹುಯ್ದರು. ದೋಸೆಗೆ ಅದು ನಡೆಯುತ್ತೆ.

ಹಾಗಾದ್ರೆ ಎರಡು ಲೀಟರ್ ಗ್ರೈಂಡರ್‌ಗೆ ನೆಮ್ಮದಿಯ ಅಳತೆ ಯಾವುದು? ನನ್ನ ಪ್ರಕಾರ ಇಡ್ಲಿ ಅಕ್ಕಿ 600 ಗ್ರಾಂ, ಉದ್ದಿನ ಬೇಳೆ 200 ಗ್ರಾಂ, ಬೇರೆಬೇರೆ ನೆನೆಸಿ, ಬೇರೆಬೇರೆ ರುಬ್ಬೋದು. ಲೋಟದ ಲೆಕ್ಕ ಇಟ್ಕೊಂಡ್ರೆ ಮೂರಕ್ಕೆ ಒಂದು. ಒಟ್ಟು ಎರಡು ಕೆಜಿ ಹತ್ರ ಹಿಟ್ಟಾಗುತ್ತೆ, ಅಂದ್ರೆ ಸುಮಾರು 40 ಇಡ್ಲಿ. ಅಕ್ಕಿ 800 ಗ್ರಾಂವರೆಗೂ ಎಳೆಯುತ್ತೆ, ಅದರ ಮೇಲೆ ಬೇಕಿದ್ರೆ ಎರಡು ಸಲ ಹಾಕೋದೇ ವಾಸಿ.

ಮೊದಲು ಉದ್ದು. ಇಲ್ಲಿ ನೀರಿನ ವಿಷಯ ಸ್ವಲ್ಪ ತಾಳ್ಮೆಯದ್ದು. 200 ಗ್ರಾಂ ಬೇಳೆಗೆ ಒಟ್ಟು 350ರಿಂದ 400 ಮಿಲಿ ನೀರು ಹಿಡಿಯುತ್ತೆ, ಹಳೇ ಬೇಳೆಯೋ ಹೊಸದೋ ಅನ್ನೋದರ ಮೇಲೆ ಆಚೀಚೆ ಆಗುತ್ತೆ. ಆದ್ರೆ ಅಷ್ಟನ್ನೂ ಮೊದಲೇ ಸುರಿದ್ರೆ ಕೆಟ್ಟಿತು. ಬೇಳೆ ನೀರಲ್ಲಿ ತೇಲಾಡಿ ಕಲ್ಲಿನಡಿಗೆ ಸಿಗದೆ ಜಾರಿಕೊಳ್ಳುತ್ತೆ. ಅರ್ಧ ಗಂಟೆ ತಿರುಗಿಸಿದ್ರೂ ಕೈಗೆ ಚೂರು ಸಿಗ್ತಾ ಇರುತ್ತೆ, ಹಿಟ್ಟು ಮಜ್ಜಿಗೆ ಥರ ಇರುತ್ತೆ. ಗಾಳಿ ಹಿಡಿದಿಡೋಕೆ ಹಿಟ್ಟಿಗೆ ಅಂಟು ಬೇಕು, ಆ ಅಂಟು ಬರೋದು ಗಟ್ಟಿಯಾಗಿ ಅರೆದಾಗ.

ಅದಕ್ಕೆ ಹೀಗೆ ಮಾಡಿ. ಗ್ರೈಂಡರ್ ಆನ್ ಮಾಡಿ, ಅರ್ಧ ಲೋಟ ನೀರು ಹಾಕಿ, ಬೇಳೆಯನ್ನ ಹಿಡಿ ಹಿಡಿಯಾಗಿ ಬಿಡಿ. ಐದು ನಿಮಿಷಕ್ಕೆ ಗಟ್ಟಿ ಮುದ್ದೆ ಆಗಿ, ಕಲ್ಲು ಅಂಟಿಕೊಂಡ ಹಾಗೆ ಭಾರವಾಗಿ ತಿರುಗುತ್ತೆ. ಆಗ ಒಂದು ಸೌಟು ನೀರು. ಅದು ಕುಡಿದು ಮತ್ತೆ ಬಿಗಿಯಾದಾಗ ಇನ್ನೊಂದು. ನೀರಿನ ಸಮಯ ಹೇಳೋದು ಗಡಿಯಾರ ಅಲ್ಲ, ಆ ಶಬ್ದ. ಮಧ್ಯೆ ಒಂದೆರಡು ಸಲ ಆಫ್ ಮಾಡಿ ಅಂಚಿನ ಹಿಟ್ಟನ್ನ ಒಳಗೆ ತಳ್ಳಿ. 25ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ತಿರುಗಿದ್ರೆ ಹಿಟ್ಟು ಸ್ವಲ್ಪ ಬಿಸಿಯಾಗುತ್ತೆ, ಅದಕ್ಕೇ ಬೇಸಿಗೆಯಲ್ಲಿ ಫ್ರಿಜ್ ನೀರು ಹಾಕ್ತಾರೆ.

ಆಯ್ತಾ ಇಲ್ವಾ ಅಂತ ನೋಡೋಕೆ ಒಂದು ಬಟ್ಟಲು ನೀರಲ್ಲಿ ಚಿಟಿಕೆ ಹಿಟ್ಟು ಬಿಡಿ. ತೇಲಿದ್ರೆ ಆಯ್ತು. ಮುಳುಗಿದ್ರೆ ಗಾಳಿ ಸಾಲದು. ಹಿಟ್ಟು ಬಿಗಿಯಿದ್ರೆ ಒಂದು ಸೌಟು ನೀರು ಹಾಕಿ ಐದು ನಿಮಿಷ ಬಿಡಿ. ಈಗಾಗಲೇ ತೆಳುವಾಗಿದ್ದು ಮುಳುಗಿದ್ರೆ ಮಾತ್ರ ಏನೂ ಮಾಡೋಕಾಗಲ್ಲ, ಆ ಹಿಟ್ಟು ದೋಸೆಗೆ.

ಉದ್ದು ತೆಗೆದ ಮೇಲೆ ಡ್ರಮ್ ತೊಳೆಯೋ ಅಗತ್ಯ ಇಲ್ಲ, ಅಕ್ಕಿಗೆ ಹೋಗಿ. ಅಕ್ಕಿಗೆ ಕ್ರಮ ಬೇರೆ. ಇದು ಉಬ್ಬಲ್ಲ, ತಳಕ್ಕೆ ಕೂರುತ್ತೆ. ಹಾಗಾಗಿ ಮೊದಲೇ ಒಂದು ಲೋಟ ನೀರು, ಅಂದ್ರೆ 200 ಮಿಲಿ ಇರಲಿ, ತಿರುಗ್ತಾ ಇರುವಾಗಲೇ ಅಕ್ಕಿಯನ್ನ ಮೂರ್ನಾಲ್ಕು ಸಲ ಮಾಡಿ ಹಾಕಿ. ಮಿಕ್ಕ 100ರಿಂದ 150 ಮಿಲಿ ಆಮೇಲೆ ನೋಡಿಕೊಂಡು. ಇಡ್ಲಿಗಾದ್ರೆ ಬೆರಳ ಮಧ್ಯೆ ಸಣ್ಣ ರವೆ ಸಿಕ್ಕಾಗ ನಿಲ್ಲಿಸಿ, ದೋಸೆಗಾದ್ರೆ ನುಣ್ಣಗಾಗಲಿ. ಹಿಟ್ಟು ತುಂಬ ಗಟ್ಟಿ ಅನ್ನಿಸಿದ್ರೆ ಹೆದರಬೇಡಿ, ಕೊನೆಗೆ ಉದ್ದಿನ ಜೊತೆ ಕಲೆಸುವಾಗ ನೀರು ಸೇರಿಸಬಹುದು. ತೆಳುವಾದದ್ದನ್ನ ಗಟ್ಟಿ ಮಾಡೋಕೆ ಮಾತ್ರ ದಾರಿ ಕಷ್ಟ.

ಒಬ್ಬರೇ ಇರೋರು ಕೇಳ್ತೀರಿ, ಕಡಿಮೆ ಹಾಕಬಹುದಾ ಅಂತ. ಈ ಸೈಜಿನಲ್ಲಿ ಉದ್ದು 100 ಗ್ರಾಂಗಿಂತ ಕಡಿಮೆಯಾದ್ರೆ ಎಲ್ಲಾ ಗೋಡೆಗೆ ಮೆತ್ತಿಕೊಂಡು ಕಲ್ಲು ಬರಿದೇ ಉಜ್ಜುತ್ತೆ. ಅಷ್ಟಕ್ಕೆ ಮಿಕ್ಸಿ ಸಾಕು.

ಹಾಂ, ಮಧ್ಯದಲ್ಲಿ ಕರೆಂಟ್ ಹೋದ್ರೆ? ನಮ್ಮ ಏರಿಯಾದಲ್ಲಿ ಕೇಳೋ ಪ್ರಶ್ನೆಯೇ. ಮೊದಲು ಸ್ವಿಚ್ ಆಫ್ ಮಾಡಿ. ಕರೆಂಟ್ ಬಂದ ಮೇಲೆ ಹಾಗೇ ಆನ್ ಮಾಡಬೇಡಿ, ಅಷ್ಟರಲ್ಲಿ ಅಕ್ಕಿ ಕಲ್ಲಿನಡಿ ಗಟ್ಟಿಯಾಗಿ ಕೂತಿರುತ್ತೆ. ಕಲ್ಲನ್ನ ಒಂದು ಸಲ ಎತ್ತಿ, ತಳವನ್ನ ಸೌಟಿನಿಂದ ಕೆದಕಿ, ಒಂದಿಷ್ಟು ನೀರು ಚಿಮುಕಿಸಿ, ಡ್ರಮ್ ಕೈಯಲ್ಲಿ ತಿರುಗುತ್ತಾ ನೋಡಿ, ಆಮೇಲೆ ಸ್ವಿಚ್ ಹಾಕಿ.