ಡೊಂಕು ಗೆರೆಯ ಗೋಡೆಗೆ ಸರಾಸರಿ ಸಾಕೇ?

ಕುಲುಮೆ, ಬಾಯ್ಲರ್ ಕೆಲಸದಲ್ಲಿರುವವರೂ ಡಿಪ್ಲೊಮಾ ಓದುತ್ತಿರುವವರೂ ಒಂದೇ ಅನುಮಾನವನ್ನು ಮತ್ತೆ ಮತ್ತೆ ಬರೆದು ಕಳಿಸುತ್ತಿದ್ದಾರೆ. ಇಟ್ಟಿಗೆಯ ಉಷ್ಣವಾಹಕತೆ ಬಿಸಿ ಏರಿದಂತೆ ಬದಲಾಗುತ್ತದೆ. ಹಾಗಿರುವಾಗ ಗೋಡೆಯ ಎರಡು ಮುಖಗಳ ತಾಪಮಾನ ಕೂಡಿಸಿ, ಅರ್ಧ ಮಾಡಿ, ಆ ತಾಪಮಾನದ ವಾಹಕತೆಯಿಂದಲೇ ಶಾಖದ ಹರಿವನ್ನು ಲೆಕ್ಕ ಹಾಕಿದರೆ ಅದು ಬರೀ ಅಂದಾಜಾಗುವುದಿಲ್ಲವೇ ಎಂಬುದು ಅವರ ಪ್ರಶ್ನೆ.

ಆಗುವುದಿಲ್ಲ. ವಾಹಕತೆ ತಾಪಮಾನದ ಜೊತೆ ಸರಳರೇಖೆಯಂತೆ ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಆ ಉತ್ತರ ಕರಾರುವಾಕ್ಕಾದದ್ದು. ಅಂದಾಜು ಎಂದು ಬರೆದಿರುವ ಗೈಡುಗಳನ್ನು ನಾನೂ ನೋಡಿದ್ದೇನೆ, ಅದು ತಪ್ಪು.

ಒಂದು ಗೋಡೆಯನ್ನೇ ತೆಗೆದುಕೊಳ್ಳೋಣ. ಫೈರ್ ಬ್ರಿಕ್ ಗೋಡೆ, ದಪ್ಪ 230 ಮಿಲಿಮೀಟರ್. ಒಳಮುಖ 1000 ಡಿಗ್ರಿ ಸೆಲ್ಸಿಯಸ್, ಹೊರಮುಖ 200. ಸೊನ್ನೆ ಡಿಗ್ರಿಯಲ್ಲಿ ವಾಹಕತೆ 0.8, ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ. ಪ್ರತಿ ಡಿಗ್ರಿಗೂ ಅದು 0.0004ರಷ್ಟು ಏರುತ್ತದೆ ಎನ್ನೋಣ. ಆಗ ಹೊರಮುಖದಲ್ಲಿ 0.88, ಒಳಮುಖದಲ್ಲಿ 1.2. ಸರಾಸರಿ ತಾಪಮಾನ 600. ಅಲ್ಲಿನ ವಾಹಕತೆ 1.04. ಇದನ್ನು 800 ಡಿಗ್ರಿ ವ್ಯತ್ಯಾಸದಿಂದ ಗುಣಿಸಿ, 0.23 ಮೀಟರಿನಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 3617 ವ್ಯಾಟ್.

ಇದು ಏಕೆ ಸರಿ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಜನ ಎಡವುವುದು ಇಲ್ಲೇ. ಗೋಡೆಯನ್ನು ಮನಸ್ಸಿನಲ್ಲೇ ಹೋಳು ಮಾಡಿ. ಸೆಂಟಿಮೀಟರ್ ಲೆಕ್ಕದಲ್ಲಿ ಬೇಡ, ಡಿಗ್ರಿ ಲೆಕ್ಕದಲ್ಲಿ ಮಾಡಿ. ಒಂದೊಂದು ಹೋಳಿನ ಆಚೆ ಈಚೆ ಒಂದೇ ಡಿಗ್ರಿ ವ್ಯತ್ಯಾಸ. ಒಟ್ಟು 800 ಹೋಳು. ತಾಪಮಾನ ಸ್ಥಿರವಾಗಿ ನಿಂತ ಗೋಡೆಯಲ್ಲಿ ಎಲ್ಲ ಹೋಳುಗಳ ಮೂಲಕವೂ ಒಂದೇ ಪ್ರಮಾಣದ ಶಾಖ ಹರಿಯಬೇಕು. ವಾಹಕತೆ ಹೆಚ್ಚಿರುವ ಕಡೆ ಅಷ್ಟೇ ಶಾಖವನ್ನು ಒಂದು ಡಿಗ್ರಿಯಲ್ಲಿ ದಾಟಿಸಲು ದಪ್ಪ ಹೋಳು ಸಾಕು, ಕಡಿಮೆ ಇರುವ ಕಡೆ ತೆಳ್ಳನೆಯದು ಬೇಕು. ನಮ್ಮ ಗೋಡೆಯಲ್ಲಿ ಬಿಸಿ ಮುಖದ ಹೋಳು ಸುಮಾರು 0.33 ಮಿಲಿಮೀಟರ್, ತಣ್ಣನೆಯ ಮುಖದ್ದು 0.24. ಈಗ ಎಲ್ಲ ದಪ್ಪಗಳನ್ನೂ ಕೂಡಿಸಿ. ದಪ್ಪ ಎಂದರೆ ವಾಹಕತೆಯನ್ನು ಶಾಖದ ಹರಿವಿನಿಂದ ಭಾಗಿಸಿದ್ದು. ಹಾಗಾಗಿ ಕೂಡಿಸುತ್ತಿರುವುದು ವಾಹಕತೆಗಳನ್ನೇ, 0.88ರಿಂದ 1.2ರವರೆಗೆ ಸಮ ಹೆಜ್ಜೆಯಲ್ಲಿ ಏರುವ ಸಂಖ್ಯೆಗಳನ್ನು. ಶಾಲೆಯಲ್ಲಿ ಕಲಿತ ಸಮಾಂತರ ಶ್ರೇಢಿ ಇದು: ಮೊದಲನೆಯದು, ಕೊನೆಯದು ಕೂಡಿಸಿ ಅರ್ಧ ಮಾಡಿ, ಸಂಖ್ಯೆಗಳ ಎಣಿಕೆಯಿಂದ ಗುಣಿಸುವುದು. ಅಂದಾಜಿಗೆ ಇಲ್ಲಿ ಜಾಗವೇ ಇಲ್ಲ.

ಮತ್ತೊಮ್ಮೆ ಹೇಳುತ್ತೇನೆ: ಇದು ಡಿಗ್ರಿಗಳ ಮೇಲಿನ ಸರಾಸರಿ, ದಪ್ಪದ ಮೇಲಿನ ಸರಾಸರಿಯಲ್ಲ. ಗೋಡೆಯ ನಟ್ಟನಡುವೆ, 115 ಮಿಲಿಮೀಟರಿನಲ್ಲಿ, ತಾಪಮಾನ 600 ಇರುವುದಿಲ್ಲ. ಸುಮಾರು 631 ಇರುತ್ತದೆ. ಬಿಸಿ ಮುಖದ ಹತ್ತಿರ ಸೆಂಟಿಮೀಟರಿಗೆ 30 ಡಿಗ್ರಿ ಇಳಿದರೆ, ತಣ್ಣನೆಯ ಮುಖದ ಹತ್ತಿರ 41 ಇಳಿಯುತ್ತದೆ. ಗೆರೆ ಮೇಲಕ್ಕೆ ಉಬ್ಬುತ್ತದೆ. ಉತ್ತರಪತ್ರಿಕೆ ತಿದ್ದುವಾಗ ನನ್ನ ತಾಳ್ಮೆ ಕೆಡಿಸುವುದು ಇದೇ: ಶಾಖದ ಹರಿವು ಸರಿಯಾಗಿ ಬರೆದು, ಕೆಳಗೆ ಸ್ಕೇಲ್ ಹಿಡಿದು ನೇರ ಗೆರೆ ಎಳೆದಿರುತ್ತಾರೆ. ಇನ್ನು ಕೆಲವರು ಹೆಚ್ಚು ನಿಖರ ಎಂದುಕೊಂಡು ಆ 631 ಡಿಗ್ರಿಯ ವಾಹಕತೆ 1.05ನ್ನು ಹಾಕುತ್ತಾರೆ. ಅದು ಒಂದು ಶೇಕಡದಷ್ಟು ತಪ್ಪಿಸುತ್ತದೆ. ಬಿಸಿ ಮುಖದ 1.2 ಹಾಕಿದರಂತೂ ಹರಿವು 4174 ಎಂದು ಬರುತ್ತದೆ, ಶೇಕಡ 15 ಹೆಚ್ಚು. ಮ್ಯಾಗ್ನೆಸೈಟ್ ಇಟ್ಟಿಗೆಯಲ್ಲಿ ಬಿಸಿ ಏರಿದಷ್ಟೂ ವಾಹಕತೆ ಇಳಿಯುವುದರಿಂದ ಗೆರೆ ಕೆಳಕ್ಕೆ ಜೋತುಬೀಳುತ್ತದೆ.

ಎರಡು ಎಚ್ಚರಿಕೆ. ಸೂತ್ರ ಸೆಲ್ಸಿಯಸ್‌ನಲ್ಲಿದ್ದರೆ ಸರಾಸರಿಯನ್ನೂ ಸೆಲ್ಸಿಯಸ್‌ನಲ್ಲೇ ಹಾಕಿ. ವ್ಯತ್ಯಾಸಕ್ಕೆ ಕೆಲ್ವಿನ್ ಆದರೂ ಒಂದೇ, ಆದರೆ ಸರಾಸರಿಗೆ ಅಲ್ಲ: ಇಲ್ಲಿ 873 ಹಾಕಿದರೆ ವಾಹಕತೆ 1.15 ಆಗಿ ಉತ್ತರ ಹತ್ತು ಶೇಕಡ ಹಿಗ್ಗುತ್ತದೆ. ಮತ್ತೆ, ಬೇಕಿರುವುದು ಇಟ್ಟಿಗೆಯ ಮುಖದ ತಾಪಮಾನ. ಕುಲುಮೆಯೊಳಗಿನ ಅನಿಲದ್ದಲ್ಲ, ಹೊರಗಿನ ಗಾಳಿಯದ್ದೂ ಅಲ್ಲ.

ಎರಡು ಪದರದ ಗೋಡೆಯಾದರೆ ನಡುವಿನ ಸೇರುವೆಯ ತಾಪಮಾನ ಗೊತ್ತಿರುವುದಿಲ್ಲ. ಅದನ್ನು ಮೊದಲು ಊಹಿಸಿ, ಪ್ರತಿ ಪದರಕ್ಕೂ ಅದರದೇ ಸರಾಸರಿ ವಾಹಕತೆ ತೆಗೆದು ಹರಿವು ಲೆಕ್ಕ ಹಾಕಿ. ಆ ಹರಿವಿನಿಂದ ಸೇರುವೆಯ ತಾಪಮಾನ ಮತ್ತೆ ಕಂಡುಹಿಡಿದು, ಹೊಸ ಅಂಕಿ ಹಿಡಿದು ಇನ್ನೊಮ್ಮೆ ಮಾಡಿ. ಸಾಮಾನ್ಯವಾಗಿ ಎರಡು ಮೂರು ಸುತ್ತಿನಲ್ಲಿ ಅಂಕಿ ಅಲುಗಾಡುವುದು ನಿಲ್ಲುತ್ತದೆ.